ಅಜ್ಜ ನಿಂತ ಮೆಟ್ಟಿಲು

ಅಪ್ಪ ನಮ್ಮ ಸ್ಟುಡಿಯೋಕ್ಕೆ ಗಿರಾಕಿಯಾಗಿ ಬಂದದ್ದು ಒಂದೇ ಸಲ. ಮಗಳು ಎದುರಿಗೇ ಕೂತಿದ್ದರೂ ಟೋಕನ್ ತೆಗೆದುಕೊಂಡ, ಬೆಂಚಿನ ಮೇಲೆ ಕೂತ, ನಂಬರು ಕರೆಯುವವರೆಗೆ ಏಳಲಿಲ್ಲ. ಅವನ ಮುಂದೆ ಪಾಸ್‌ಪೋರ್ಟ್ ಫೋಟೋದವರು ಇಬ್ಬರಿದ್ದರು. ಇಬ್ಬರೂ ಮುಗಿಸಿ ಹೋದ ಮೇಲೆ ಬಂದು, ತೊಡೆಯ ಮೇಲಿಟ್ಟುಕೊಂಡಿದ್ದ ಪೊಟ್ಟಣ ಬಿಚ್ಚಿ, ತನ್ನ ಗಡಿಯಾರದ ಅಂಗಡಿಯ ಗೋಡೆಯಲ್ಲಿ ಎಪ್ಪತ್ತು ವರ್ಷದಿಂದ ನೇತಾಡುತ್ತಿದ್ದ ಅಜ್ಜನ ಫೋಟೋವನ್ನು ನನ್ನ ಮೇಜಿನ ಮೇಲಿಟ್ಟ.

"ಅಂದು-ಇಂದು ಮಾಡ್ತೀರಂತಲ್ಲ. ಮಾಡ್ಕೊಡಿ."

ಮನೆಯಲ್ಲಿ ನನ್ನನ್ನು 'ನೀನು' ಎನ್ನುವ ಮನುಷ್ಯ ಸ್ಟುಡಿಯೋದಲ್ಲಿ ಬಹುವಚನಕ್ಕೆ ಏರಿದ್ದ. ಪಕ್ಕದಲ್ಲಿದ್ದ ನಮ್ಮ ಓನರ್ ಎದ್ದು ನಿಂತು ನಮಸ್ಕಾರ ಮಾಡಿದರು.

'ಅಂದು-ಇಂದು' ನಮ್ಮ ಓನರ್ ಇಟ್ಟ ಹೆಸರು. ಹಳೆಯ ಫೋಟೋ ತೆಗೆದ ಜಾಗಕ್ಕೇ ಹೋಗಿ, ಅದೇ ಕೋನದಿಂದ ಇವತ್ತಿನ ಫೋಟೋ ತೆಗೆದು, ಎರಡನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿ ಬೆಸೆಯುವುದು. ಬಣ್ಣದ ಬೀದಿಯ ನಡುವೆ ಕಪ್ಪು-ಬಿಳುಪಿನ ಅಜ್ಜಿ ನಿಂತಿರುತ್ತಾಳೆ, ಅವಳ ಪಕ್ಕ ಮೊಮ್ಮಗ ಜೀನ್ಸ್ ಹಾಕಿಕೊಂಡು ನಿಂತಿರುತ್ತಾನೆ. ಜನ ನೋಡಿ ಕಣ್ಣೀರು ಒರೆಸಿಕೊಳ್ಳುತ್ತಾರೆ, ಆಮೇಲೆ ದೊಡ್ಡ ಸೈಜಿನಲ್ಲಿ ಇನ್ನೊಂದು ಕೇಳುತ್ತಾರೆ. ಬೆಸೆಯುವ ಕೆಲಸ ನನ್ನದು.

"ಅಪ್ಪನ ಪಕ್ಕ ನಾನು ನಿಂತಿರ್ಬೇಕು, ಅಂಗಡಿ ಮುಂದೆ. ನೋಡಿದ್ರೆ ಸುಳ್ಳು ಅನ್ನಿಸ್ಬಾರ್ದು," ಎಂದ ಅಪ್ಪ.

ಅಜ್ಜ ತೀರಿಕೊಂಡಾಗ ಅಪ್ಪನಿಗೆ ನಾಲ್ಕು ವರ್ಷ. ಅವನಿಗೆ ತಂದೆಯ ಮುಖ ನೆನಪಿಲ್ಲ, ದನಿ ನೆನಪಿಲ್ಲ, ಹೆಗಲ ಮೇಲೆ ಕೂತದ್ದು ನೆನಪಿಲ್ಲ. ಇಬ್ಬರೂ ಒಟ್ಟಿಗಿರುವ ಫೋಟೋ ಒಂದೂ ಇಲ್ಲ. ಇದ್ದದ್ದು ಇದೊಂದೇ: ಮೂವತ್ತೊಂದು ವರ್ಷದ ಗಡಿಯಾರ ರಿಪೇರಿಯವನು, ಉಣ್ಣೆ ಕೋಟು, ಕೊರಳಿಗೆ ಮಫ್ಲರ್, ಅಂಗಡಿಯ ಮೇಲಿನ ಮೆಟ್ಟಿಲಲ್ಲಿ ನೆಟ್ಟಗೆ ನಿಂತಿದ್ದಾನೆ. ತಲೆಯ ಮೇಲೆ ಅವನದೇ ಹೆಸರಿನ ಬೋರ್ಡು. ಅಪ್ಪನಿಗೆ ಈಗ ಎಪ್ಪತ್ತಾರು. ತಂದೆಗಿಂತ ನಲವತ್ತೈದು ವರ್ಷ ದೊಡ್ಡವನಾದ ಮೇಲೆ ಅವನ ಪಕ್ಕ ನಿಲ್ಲುವ ಆಸೆ ಬಾಯಿಬಿಟ್ಟು ಹೇಳಿದ್ದ. ಅದನ್ನು ಹೇಳುವುದಕ್ಕೂ ಟೋಕನ್ ಬೇಕಾಯಿತು.

ಅಜ್ಜ ನಿಂತ ಆ ಮೆಟ್ಟಿಲಿನ ಮೇಲೆ ನಮ್ಮ ಅಂಗಡಿಯಲ್ಲಿ ಯಾರೂ ಕಾಲಿಡುವಂತಿಲ್ಲ. ಅಲ್ಲಿ ಅಪ್ಪ ಸಿಮೆಂಟಿನ ಹೂಕುಂಡ ಇಟ್ಟಿದ್ದಾನೆ. ಗಿರಾಕಿಗಳು ಅದನ್ನು ಬಳಸಿಕೊಂಡು ಒಳಗೆ ಬರಬೇಕು. ಎಡವಿದವರಿಗೆ ಅಪ್ಪ "ನೋಡ್ಕೊಂಡು ಬನ್ನಿ" ಎನ್ನುತ್ತಾನೆಯೇ ಹೊರತು ಕುಂಡ ಸರಿಸಿದ್ದಿಲ್ಲ.

ಫ್ರೇಮು ಬಿಚ್ಚಿದೆ. ಗಾಜಿನ ಮೇಲಿಂದ ಸ್ಕ್ಯಾನ್ ಮಾಡಿದರೆ ಹೊಳಪು, ಧೂಳು ಎಲ್ಲ ಬರುತ್ತದೆ. ಫೋಟೋದ ಸುತ್ತ ದಪ್ಪ ರಟ್ಟಿನ ಅಂಚು ಕೂರಿಸಿದ್ದರು. ಅದನ್ನು ಎತ್ತಿದಾಗ ಇಷ್ಟು ವರ್ಷ ಮುಚ್ಚಿಹೋಗಿದ್ದ ಅರ್ಧ ಇಂಚು ಸುತ್ತಲೂ ಬಯಲಾಯಿತು. ಎಡಗಡೆ ಮೇಲೆ, ಸೂರಿನ ಹಿಂದೆ, ಒಂದು ಚಿಮಣಿ ಇತ್ತು.

"ಚಿಮಣಿನಾ? ಕೆಡವಿರ್ಬೇಕು," ಎಂದ ಅಪ್ಪ. ನಮ್ಮ ಅಂಗಡಿಯ ಹಿಂದೆ ಚಿಮಣಿ ಇದ್ದದ್ದು ಅವನಿಗೂ ಗೊತ್ತಿರಲಿಲ್ಲ. ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಎಪ್ಪತ್ತು ವರ್ಷದಲ್ಲಿ ಎಷ್ಟೋ ಬೀಳುತ್ತವೆ.

ಈ ಕೆಲಸದಲ್ಲಿ ಲೆನ್ಸ್ ಮುಖ್ಯ ಅಂತ ಜನ ತಿಳಿದಿದ್ದಾರೆ. ಲೆನ್ಸ್ ಬದಲಾದರೆ ಚಿತ್ರ ದೊಡ್ಡದೋ ಚಿಕ್ಕದೋ ಆಗುತ್ತದೆ, ಅಷ್ಟೆ. ಕಂಬದ ಹಿಂದೆ ಬಾಗಿಲು ಎಷ್ಟು ಕಾಣುತ್ತದೆ, ಎಷ್ಟು ಮರೆಯಾಗುತ್ತದೆ ಎನ್ನುವುದನ್ನು ನಿರ್ಧರಿಸುವುದು ಕ್ಯಾಮೆರಾ ನಿಂತ ಜಾಗ. ಹಾಗಾಗಿ ಹಳೆಯ ಫೋಟೋಗ್ರಾಫರ್ ಎಲ್ಲಿ ನಿಂತಿದ್ದನೋ ಅಲ್ಲೇ ನಾವೂ ನಿಲ್ಲಬೇಕು. ಒಂದು ಗೇಣು ಆಚೀಚೆ ಆದರೂ ಕಂಬ ಬಾಗಿಲನ್ನು ಬಿಟ್ಟು ಸರಿಯುತ್ತದೆ.

ಲೆಕ್ಕ ಹಾಕಿದರೆ ಆ ಜಾಗ ಬೀದಿಯ ಆಚೆ, ಎದುರಂಗಡಿಯ ಒಳಗೆ ಬಿತ್ತು. ಅಲ್ಲಿಗೆ ನನ್ನ ಗ್ರಹಚಾರ ಶುರುವಾಯಿತು.

ಎದುರಂಗಡಿ ಚಿಕ್ಕಪ್ಪನದು. ಅಜ್ಜನ ತಮ್ಮನ ಮಗ. ಅದೂ ಗಡಿಯಾರದ್ದೇ ಅಂಗಡಿ. ಬೀದಿಯ ಎರಡೂ ಸಾಲನ್ನು ಒಬ್ಬನೇ ಗುತ್ತಿಗೆದಾರ ಕಟ್ಟಿದ್ದರಿಂದ ಅದೇ ಮೂರು ಕಮಾನು ಕಿಟಕಿ, ಅದೇ ಎರಡು ಕಲ್ಲುಕಂಬ. ಮೂವತ್ತೊಂದು ವರ್ಷದ ಹಿಂದೆ ಚಿಕ್ಕಪ್ಪ ತನ್ನ ಬೋರ್ಡಿನ ಮೇಲೆ 'ಮೂಲ ಅಂಗಡಿ' ಎಂದು ಬರೆಸಿದ. ವಾರದೊಳಗೆ ಅಪ್ಪ 'ಇದೇ ಮೂಲ ಅಂಗಡಿ' ಎಂದು ಬರೆಸಿದ. ಚಿಕ್ಕಪ್ಪ 'ಅಸಲಿ' ಸೇರಿಸಿದ. ಅಪ್ಪ ಬಾಣದ ಗುರುತು ಹಾಕಿಸಿದ, ಕೆಳಮುಖವಾಗಿ. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ಒಬ್ಬರ ಬಾಯಲ್ಲಿ ಇನ್ನೊಬ್ಬರು 'ಎದುರಿನವರು'. ಅಪ್ಪನ ಬಳಿ ಇದ್ದ ಒಂದೇ ದೊಡ್ಡ ಸಾಕ್ಷಿ ಈ ಫೋಟೋ. ಯಾರಾದರೂ ವಾದಕ್ಕಿಳಿದರೆ ಗೋಡೆಯ ಕಡೆ ಗಲ್ಲ ಎತ್ತಿ ತೋರಿಸುತ್ತಿದ್ದ.

ಎದುರಿನವರ ಅಂಗಡಿಯೊಳಗೆ ಹೋಗುವ ಮಾತೇ ಇರಲಿಲ್ಲ. ಬೀದಿಯ ಅಂಚಿನಲ್ಲಿ, ಅವರ ಮೆಟ್ಟಿಲ ಬುಡಕ್ಕೆ ಒತ್ತಿಕೊಂಡು ನಿಂತು ಬೆಳಿಗ್ಗೆ ಹತ್ತಕ್ಕೆ ಫೋಟೋ ತೆಗೆದೆ. ಅಪ್ಪ ಕುಂಡ ಸರಿಸಿ, ಪಕ್ಕದಲ್ಲಿ ಜಾಗ ಬಿಟ್ಟು ನಿಂತಿದ್ದ. ಸ್ಟುಡಿಯೋಕ್ಕೆ ಬಂದು ಕೂರಿಸಿದರೆ ಏನೂ ಕೂಡಲಿಲ್ಲ. ಕಂಬ ಸರಿಯಾದರೆ ಬಾಗಿಲು ಓಡುತ್ತದೆ, ಬಾಗಿಲು ಹಿಡಿದರೆ ಕಂಬ ಓಡುತ್ತದೆ. ನಾಲ್ಕಡಿ ಮುಂದೆ ನಿಂತಿದ್ದೇನಲ್ಲ, ಅದಕ್ಕೇ ಹೀಗೆ ಎಂದುಕೊಂಡೆ.

ಇನ್ನೊಮ್ಮೆ ಅಳತೆ ಮಾಡೋಣವೆಂದು ಸಂಜೆ ಅಂಗಡಿಗೆ ಹೋದೆ. ಅಪ್ಪ ಯಾವುದೋ ಟೇಬಲ್ ಗಡಿಯಾರದ ಹೊಟ್ಟೆಯೊಳಗೆ ತಲೆ ಹಾಕಿಕೊಂಡಿದ್ದ. ಟೇಪು ಹಿಡಿದು ಹೊರಬಂದು, ಹೊಸ್ತಿಲಲ್ಲಿ ನಿಂತು ತಲೆ ಎತ್ತಿದೆ. ಎದುರಂಗಡಿಯ ಸೂರಿನ ಹಿಂದೆ, ಎಡಗಡೆ, ಹಳೆಯ ಮಿಲ್ಲಿನ ಚಿಮಣಿ ನಿಂತಿತ್ತು.

ಅದು ನಾನು ಹುಟ್ಟಿದಾಗಿನಿಂದ ಅಲ್ಲೇ ಇದೆ. ಶಾಲೆಗೆ ಹೋಗುವಾಗ ನೋಡಿದ್ದೇನೆ, ಬರುವಾಗ ನೋಡಿದ್ದೇನೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಮೊಬೈಲಿನಲ್ಲಿ ಸ್ಕ್ಯಾನ್ ತೆಗೆದು ಹಿಡಿದೆ. ಕಿಟಕಿ, ಕಂಬ, ಚಿಮಣಿ. ಅಜ್ಜ ನಿಂತದ್ದು ನಮ್ಮ ಮೆಟ್ಟಿಲಲ್ಲಲ್ಲ. ಎದುರಿನವರ ಮೆಟ್ಟಿಲಲ್ಲಿ. ಅಜ್ಜನ ಹೆಸರಿನ ಬೋರ್ಡಿದ್ದದ್ದು ಅಲ್ಲಿ. ಫೋಟೋ ನಮ್ಮ ಗೋಡೆಯ ಮೇಲಿತ್ತು, ಆದ್ದರಿಂದ ಅಂಗಡಿಯೂ ನಮ್ಮದೇ ಎಂದು ಇಡೀ ಮನೆ ತಿಳಿದಿತ್ತು, ಅಷ್ಟೆ. ಅಜ್ಜಿಯೂ ಬದುಕಿದ್ದಷ್ಟು ದಿನ ಬೇರೆ ಏನೂ ಹೇಳಿರಲಿಲ್ಲ.

"ಅಳತೆ ಸಿಕ್ತಾ?" ಒಳಗಿನಿಂದ ಅಪ್ಪ ಕೇಳಿದ.

"ಸಿಕ್ತು," ಎಂದೆ.

ಹೇಳಿದರೆ ಅಪ್ಪನ ಮೆಟ್ಟಿಲೂ ಹೋಗುತ್ತದೆ, ಮೂವತ್ತೊಂದು ವರ್ಷದ ವಾದವೂ ಹೋಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಒಂದು ವಾರ ಕೂತು ಸುಳ್ಳು ಹೆಣೆದೆ. ನನಗೆ ಸಂಬಳ ಬರುವುದೇ ಅದಕ್ಕೆ. ಚಿಮಣಿ ಅಳಿಸಿದೆ. ಹಳೆಯ ಕಂಬಗಳನ್ನು ಎಳೆದು, ಬಗ್ಗಿಸಿ, ಹೊಸ ಕಂಬದ ಮೇಲೆ ಕೂರಿಸಿದೆ. ಅಜ್ಜನ ನೆರಳು ಎಡಕ್ಕೆ ಬಿದ್ದಿತ್ತು, ಅಪ್ಪನದು ಬಲಕ್ಕೆ. ಅಜ್ಜನದನ್ನು ಒರೆಸಿ ಬಲಕ್ಕೆ ಬರೆದೆ. ಹಳೆಯ ಫೋಟೋದ ಮೈಯಲ್ಲಿದ್ದ ಕಾಳುಕಾಳು ಚುಕ್ಕೆಗಳನ್ನು ಹೊಸದರ ಅಂಚಿಗೂ ಸ್ವಲ್ಪ ಉದುರಿಸಿದೆ. ಓನರ್ ನೋಡಿ, "ನಿನ್ನ ಕೈಗೆ ಬಂಗಾರದ ಬಳೆ ತೊಡಿಸ್ಬೇಕಮ್ಮ," ಎಂದರು. ಅಂಥ ಬಳೆಗಳು ನನಗೆ ಬಾಯಿಮಾತಿನಲ್ಲೇ ಬಹಳ ಬಂದಿವೆ.

ಪ್ರಿಂಟು ಅಪ್ಪನ ಮುಂದಿಟ್ಟೆ. ಅಜ್ಜನ ಕೋಟಿನ ಮೇಲೆ ಬೆರಳಾಡಿಸಿದ. ಆಗ ನನಗೆ ಮಾಡಿದ್ದು ಒಳ್ಳೆಯದೇ ಆಯಿತು ಅನ್ನಿಸಿತು. ಆಮೇಲೆ, ಅಭ್ಯಾಸಬಲ ನೋಡಿ, ರಿಪೇರಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡ.

"ಅಪ್ಪನ ಮೂಗಿನ ನೆರಳು ಯಾವ ಕಡೆ ಇದೆ?"

ನೆಲದ ನೆರಳು ಬದಲಿಸಿದ್ದೆ. ಮುಖ ಮುಟ್ಟಲು ಕೈ ಬಂದಿರಲಿಲ್ಲ.

"ನನಗೆ ಬೆಳಕು ಎಡಗಡೆಯಿಂದ ಬಂದಿದೆ. ಅಪ್ಪನಿಗೆ ಬಲಗಡೆಯಿಂದ. ಇಬ್ರೂ ಒಂದೇ ಮೆಟ್ಟಿಲ ಮೇಲಿದೀವಿ."

"ಬೇರೆ ಹೊತ್ತಲ್ಲಿ ತೆಗೆದಿರ್ತಾರೆ, ಅಪ್ಪ."

"ಐವತ್ತು ವರ್ಷದಿಂದ ಇಲ್ಲಿ ಕೂತಿದೀನಿ. ಚಳಿಗಾಲದಲ್ಲಿ ಈ ಮೆಟ್ಟಿಲಿಗೆ ಬಲಗಡೆಯಿಂದ ಬಿಸಿಲು ಬಿದ್ದದ್ದು ಒಂದು ದಿನಾನೂ ಕಂಡಿಲ್ಲ. ಅಪ್ಪ ಮಫ್ಲರ್ ಹಾಕಿದಾರೆ."

"ಹಾಗಾದ್ರೆ ಪ್ರಿಂಟ್ ಉಲ್ಟಾ ಆಗಿರ್ಬೇಕು. ಹಳೇ ಕಾಲದಲ್ಲಿ ಆಗ್ತಿತ್ತು, ನೆಗೆಟಿವ್ ತಿರುಗಿಸಿ ಇಟ್ಟುಬಿಟ್ರೆ—"

"ಬೋರ್ಡು ಓದೋಕಾಗ್ತಿದೆ," ಎಂದ ಅಪ್ಪ.

ಭೂತಗನ್ನಡಿ ತೆಗೆದಿಟ್ಟು ನನ್ನ ಮುಖ ನೋಡಿದ. ಚಿಕ್ಕಂದಿನಲ್ಲಿ ಸಕ್ಕರೆ ಡಬ್ಬಿಗೆ ಕೈ ಹಾಕಿ ಸಿಕ್ಕಿಬಿದ್ದಾಗಲೂ ಹೀಗೆಯೇ ನೋಡುತ್ತಿದ್ದ. ನಾನು ಎಲ್ಲ ಹೇಳಿದೆ. ಚಿಮಣಿ ಹೇಳಿದೆ, ಕಂಬ ಹೇಳಿದೆ, ಬೀದಿಯ ಆಚೆ ಕೈ ತೋರಿಸಿದೆ. ಅಪ್ಪ ಕೈ ತೋರಿಸಿದ ಕಡೆ ನೋಡಲಿಲ್ಲ.

"ಅಲ್ಲಿ ಮಧ್ಯಾಹ್ನ ಬಿಸಿಲು ಬೀಳುತ್ತೆ," ಎಂದಷ್ಟೇ ಹೇಳಿದ. ಪ್ರಿಂಟನ್ನು ಮಗುಚಿ ಇಟ್ಟು, "ಬಲಗಡೆಯಿಂದ," ಎಂದ.

ಎರಡು ದಿನ ಅಪ್ಪ ಕೆಲಸ ಮಾತ್ರ ಮಾಡಿದ. ಬಾಕಿ ಬಿದ್ದಿದ್ದ ಹನ್ನೊಂದು ವಾಚುಗಳನ್ನು ರಿಪೇರಿ ಮಾಡಿ ಮುಗಿಸಿದ. ನನಗೆ ನನ್ನ ಮೇಲೇ ಸಿಟ್ಟು. ಆ ಹಾಳು ರಟ್ಟನ್ನು ಎತ್ತದೆ ಇದ್ದಿದ್ದರೆ ಏನಾಗುತ್ತಿತ್ತು? ಒಬ್ಬ ಮುದುಕ ತಪ್ಪು ಕಲ್ಲಿನ ಪಕ್ಕ ಸುಖವಾಗಿರುತ್ತಿದ್ದ.

ಮೂರನೆಯ ದಿನ ಹೂಕುಂಡ ಮೂಲೆಗೆ ಹೋಗಿತ್ತು. ಮೆಟ್ಟಿಲು ಎಲ್ಲರ ಕಾಲಿಗೂ ಸಿಕ್ಕಿತ್ತು.

"ಕ್ಯಾಮೆರಾ ಎಲ್ಲಿ ಇಟ್ಟಿದ್ರು?" ಅಪ್ಪ ಕೇಳಿದ.

ಹುಡುಕಿದೆವು. ಕ್ಯಾಮೆರಾವನ್ನು ಟ್ಯಾಬ್ಲೆಟ್ಟಿಗೆ ಜೋಡಿಸಿದೆ. ಎದುರಿಗೆ ಕಾಣುವುದರ ಮೇಲೆ ಹಳೆಯ ಫೋಟೋ ತೆಳ್ಳಗೆ, ಅರ್ಧಕ್ಕರ್ಧ ಪಾರದರ್ಶಕವಾಗಿ ಕೂರುವಂತೆ ಮಾಡಿದೆ. ಎಡಗಂಬದ ಅಂಚು ಬಾಗಿಲ ಚೌಕಟ್ಟಿಗೆ ತಾಗುವವರೆಗೆ ಪಕ್ಕಕ್ಕೆ ಸರಿದೆ. ಚಿಮಣಿಯ ತುದಿ ಸೂರಿನ ಮೇಲೆ ಹಳೆಯದರಷ್ಟೇ ಕಾಣುವವರೆಗೆ ಹಿಂದೆ ಸರಿದೆ. ಹಿಂದೆ, ಇನ್ನೂ ಹಿಂದೆ. ಬೀದಿಯಿಂದ ನಮ್ಮ ಮೆಟ್ಟಿಲೇರಿ, ಆ ಕಾಲದಲ್ಲಿ ಬರೀ ಜಗಲಿಯಾಗಿದ್ದ, ಈಗ ಷಟರ್ ಹಾಕಿ ಅಂಗಡಿಗೆ ಸೇರಿಸಿಕೊಂಡಿರುವ ಜಾಗಕ್ಕೆ ಬಂದೆ. ಎತ್ತರವನ್ನೂ ಇಳಿಸಬೇಕಾಯಿತು. ಕೊನೆಗೆ ಎಲ್ಲ ಗೆರೆಗಳೂ ಒಂದರ ಮೇಲೊಂದು ಕೂತಾಗ ನನ್ನ ಸೊಂಟಕ್ಕೆ ಏನೋ ಒತ್ತುತ್ತಿತ್ತು. ತಿರುಗಿ ನೋಡಿದರೆ ಅಪ್ಪನ ಕುರ್ಚಿ.

ಅಪ್ಪನನ್ನು ಅದರಲ್ಲಿ ಕೂರಿಸಿದೆ. ಲೆನ್ಸು ಸರಿಯಾಗಿ ಅವನ ಕಣ್ಣಿನ ಮಟ್ಟಕ್ಕಿತ್ತು.

ಅಪ್ಪ ಪರದೆ ನೋಡಿದ. ಅಜ್ಜ ಎದುರಿನ ಮೆಟ್ಟಿಲಿನಿಂದ ನೇರವಾಗಿ ಕ್ಯಾಮೆರಾವನ್ನು, ಎಂದರೆ ಕುರ್ಚಿಯನ್ನು ನೋಡುತ್ತಿದ್ದ.

"ಐವತ್ತು ವರ್ಷ ನಾನು ಇಲ್ಲೇ ಕೂತಿದ್ದೆ," ಎಂದ. "ತಲೆ ಬಗ್ಗಿಸ್ಕೊಂಡು."

ಆಮೇಲೆ ಎದ್ದ. ಅಂಗಿ ಸರಿಮಾಡಿಕೊಂಡ, ಬೀದಿ ದಾಟಿದ. ಬೀದಿ ಇಪ್ಪತ್ನಾಲ್ಕು ಅಡಿ, ನಾನು ಅಳೆದಿದ್ದೆ. ಮೂವತ್ತೊಂದು ವರ್ಷದಲ್ಲಿ ಅಪ್ಪ ಅದನ್ನು ಅಡ್ಡ ದಾಟಿದ್ದು ನಾನು ಕಂಡಿರಲಿಲ್ಲ. ಬೇಕಾದರೆ ಬೀದಿಯ ತುದಿಗೆ ಹೋಗಿ ಸುತ್ತಿಕೊಂಡು ಬರುತ್ತಿದ್ದ. ನಾನು ಹಿಂದೆಯೇ ಓಡಿದೆ.

ಚಿಕ್ಕಪ್ಪ ಕೌಂಟರಿನ ಹಿಂದೆ ಕೂತು ಅಲಾರಂ ಗಡಿಯಾರ ಒರೆಸುತ್ತಿದ್ದ. ತಲೆ ಎತ್ತಿದ. ಇಬ್ಬರೂ ಒಬ್ಬರನ್ನೊಬ್ಬರು ಗಿರಾಕಿಗಳ ಹಾಗೆ ನೋಡಿದರು.

"ಏನ್ ರಿಪೇರಿ?" ಎಂದ ಚಿಕ್ಕಪ್ಪ.

"ಫೋಟೋ," ಎಂದ ಅಪ್ಪ.

ಕೌಂಟರಿನ ಮೇಲೆ ಹಳೆಯ ಫೋಟೋ ಇಟ್ಟ. ಗಂಟಲು ಸರಿಮಾಡಿಕೊಂಡು, ನ್ಯಾಯಾಲಯದಲ್ಲಿ ಹೇಳಿಕೆ ಕೊಡುವವನ ಹಾಗೆ ಹೇಳಿದ. "ಇದು ನಿನ್ನ ಮೆಟ್ಟಿಲು. ನಮ್ಮದಲ್ಲ. ಮೂಲ ಅಂಗಡಿ ನಿಂದೇ. ಬೋರ್ಡು ನಾಳೆ ಇಳಿಸ್ತೀನಿ. ನನಗೆ ಈ ಮೆಟ್ಟಿಲ ಮೇಲೆ ಒಂದೈದು ನಿಮಿಷ ನಿಲ್ಲೋಕೆ ಬಿಡು."

ಚಿಕ್ಕಪ್ಪ ಕುಣಿಯುತ್ತಾನೆ ಎಂದುಕೊಂಡಿದ್ದೆ. ಬೀದಿಗೆಲ್ಲ ಕೂಗಿ ಹೇಳುತ್ತಾನೆ, ಬೋರ್ಡಿಗೆ ಇನ್ನೊಂದು ಬಾಣ ಹಾಕಿಸುತ್ತಾನೆ ಎಂದುಕೊಂಡಿದ್ದೆ. ಅವನು ಫೋಟೋವನ್ನು ಸರಿಯಾಗಿ ನೋಡಲೂ ಇಲ್ಲ.

"ಗೊತ್ತು," ಎಂದ. "ನಮ್ಮಪ್ಪ ಹೇಳಿದ್ರು. ದೊಡ್ಡಪ್ಪ ಹೋದ್ಮೇಲೆ ದೊಡ್ಡಮ್ಮ ಎದುರು ಬೇರೆ ಅಂಗಡಿ ಹಾಕಿದ್ರು. ಹೋಗುವಾಗ ಈ ಫೋಟೋ ಒಂದು ಕೇಳಿ ತಗೊಂಡು ಹೋದ್ರಂತೆ."

"ಮತ್ತೆ ಯಾಕೆ ಹೇಳ್ಲಿಲ್ಲ?" ಅಪ್ಪನಿಗೆ ನಿಜವಾಗಿಯೂ ಸಿಟ್ಟು ಬಂತು. "ಮೂವತ್ತೊಂದು ವರ್ಷ! ನಾನು ಎಲ್ಲರಿಗೂ ಗಲ್ಲ ಎತ್ತಿ ತೋರಿಸ್ತಿದ್ದೆ. ಒಂದು ಮಾತು ಹೇಳಿದ್ರೆ ಅವತ್ತೇ ಸೋಲ್ತಿದ್ದೆ."

ಚಿಕ್ಕಪ್ಪ ಅಲಾರಂ ಗಡಿಯಾರಕ್ಕೆ ಕೀಲಿ ಕೊಡುತ್ತ ಕೂತ.

"ಜಗಳ ಆಡಿದ್ದು ಬೋರ್ಡಿಗೆ ಅಣ್ಣ," ಎಂದ. "ನಿನ್ನ ಹತ್ರ ಇದ್ದದ್ದು ಅದೊಂದೇ ಫೋಟೋ. ಅದಕ್ಕೆ ಯಾಕೆ ಕೈ ಹಾಕ್ಲಿ."

ಆ ಮನುಷ್ಯನನ್ನು ನಾನು ಹುಟ್ಟಿದಾಗಿನಿಂದ ಬೈದುಕೊಂಡು ಬಂದಿದ್ದೆ, ಅದೂ ಮನೆಯಲ್ಲಿ ಎಲ್ಲರೂ ಬೈಯುತ್ತಾರೆ ಎಂಬ ಒಂದೇ ಕಾರಣಕ್ಕೆ. ನಾಚಿಕೆಯಾಯಿತು.

"ಚಿಕ್ಕಪ್ಪ, ಬಿಸಿಲು ಇಲ್ಲಿಗೆ ಎಷ್ಟೊತ್ತಿಗೆ ಬರುತ್ತೆ?" ಎಂದು ಕೇಳಿದೆ. ಅವನೊಡನೆ ನಾನು ಆಡಿದ ಮೊದಲ ಮಾತು ಅದು.

"ಫೋಟೋದಲ್ಲಿರೋ ಹಾಗೆ ಬೇಕಾದ್ರೆ ಮೂರು ಗಂಟೆಗೆ," ಎಂದ ಫೋಟೋದ ನೆರಳಿನ ಮೇಲೆ ಕಣ್ಣು ಹಾಯಿಸಿ. ಅವನೂ ಐವತ್ತು ವರ್ಷದಿಂದ ಅಲ್ಲಿ ಕೂತವನೇ.

ಮೂರಕ್ಕೆ ಹತ್ತು ನಿಮಿಷ ಇರುವಾಗ ನಾನು ಅಪ್ಪನ ಕುರ್ಚಿಯಲ್ಲಿ ಕೂತು ಕ್ಯಾಮೆರಾ ಬಿಗಿಮಾಡಿದೆ. ಚಿಕ್ಕಪ್ಪ ಮೆಟ್ಟಿಲ ಮೇಲಿದ್ದ ಮೊಬೈಲ್ ಕವರಿನ ಸ್ಟ್ಯಾಂಡು ಎತ್ತಿ ಒಳಗಿಟ್ಟು, ಕಲ್ಲು ಗುಡಿಸಿದ. ಹಳೆಯ ಫೋಟೋದಲ್ಲಿ ಮೂರು ಮೆಟ್ಟಿಲಿವೆ. ಈಗ ಬೀದಿ ಎತ್ತರವಾಗಿ ಕೆಳಗಿನದು ಮುಳುಗಿ ಎರಡಾಗಿವೆ. ಮೇಲಿನದು ಮಾತ್ರ ಅದೇ ಕಲ್ಲು, ಮುಂದಿನ ಅಂಚಿನ ಚಕ್ಕೆ ಎದ್ದ ಜಾಗವೂ ಅದೇ. ಅಪ್ಪ ಹೋಗಿ ಅದರ ಮೇಲೆ ನಿಂತ. ನಡುವೆ ಸ್ಕೂಟರುಗಳು ಓಡುತ್ತಿದ್ದವು, ಕೂಗಿದರೆ ಕೇಳಿಸುತ್ತಿರಲಿಲ್ಲ. ಹಾಗಾಗಿ ಅಪ್ಪನ ನಂಬರಿಗೆ ಫೋನು ಮಾಡಿದೆ. ಚಿಕ್ಕಪ್ಪ ಚಿತ್ರದ ಹೊರಗೆ, ಕಂಬದ ಆಚೆ ನಿಂತು ಅಪ್ಪನ ಫೋನನ್ನು ಸ್ಪೀಕರಿನಲ್ಲಿಟ್ಟು ಅಪ್ಪನ ಕಡೆ ಹಿಡಿದ.

ಪರದೆಯಲ್ಲಿ ನನಗೆ ಇಬ್ಬರೂ ಕಾಣುತ್ತಿದ್ದರು. ಕಪ್ಪು-ಬಿಳುಪಿನ ಅಜ್ಜ ತೆಳ್ಳಗೆ, ಹೊಗೆಯ ಹಾಗೆ. ಅಪ್ಪ ಪೂರ್ತಿ ಬಣ್ಣದಲ್ಲಿ. ಅಲ್ಲಿ ನಿಂತ ಅಪ್ಪನಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ. ಅವನ ಪಕ್ಕದಲ್ಲಿದ್ದದ್ದು ಖಾಲಿ ಕಲ್ಲು.

"ಅಪ್ಪ ಎಲ್ಲಿದಾರೆ?" ಎಂದು ಫೋನಿನಲ್ಲಿ ಕೇಳಿದ.

"ನಿನ್ನ ಬಲಗಡೆ. ಎರಡಡಿ ಆಚೆ."

ಅಪ್ಪ ಬಲಕ್ಕೆ ನೋಡಿದ. ಆಮೇಲೆ ಕಾಲು ಜೋಡಿಸಿ, ಕೈ ಕೆಳಗೆ ಬಿಟ್ಟು, ಶಾಲೆಯ ಹುಡುಗನ ಹಾಗೆ ನೆಟ್ಟಗೆ ನಿಂತ.

"ಎಷ್ಟು ಹತ್ರ ನಿಲ್ಲಬೇಕು?" ಎಂದು ಕೇಳಿದ.

ಈ ಪ್ರಶ್ನೆಯನ್ನು ನನ್ನ ಯಾವ ಗಿರಾಕಿಯೂ ಕೇಳಿರಲಿಲ್ಲ. ಎಲ್ಲರೂ ತಮಗೆ ಗೊತ್ತಿದ್ದಷ್ಟು ಹತ್ತಿರ ನಿಲ್ಲುತ್ತಾರೆ. ಅಪ್ಪನಿಗೆ ಗೊತ್ತಿರಲಿಲ್ಲ.

"ಇನ್ನೂ ಸ್ವಲ್ಪ ಹತ್ರ, ಅಪ್ಪ."

ಅರ್ಧ ಹೆಜ್ಜೆ ಇಟ್ಟ.

"ಇನ್ನೂ."

ಪಾದ ಎಳೆದ. ಪರದೆಯಲ್ಲಿ ಅವನ ಅಂಗಿಯ ತೋಳಿಗೂ ಅಜ್ಜನ ಕೋಟಿಗೂ ನಡುವೆ ಬೆರಳಷ್ಟು ಬೆಳಕಿತ್ತು.

"ಇನ್ನೂ ಸ್ವಲ್ಪ."

"ಅವರಿಗೆ ತಗಲುತ್ತೆ," ಎಂದ ಅಪ್ಪ.

"ತಗಲಲಿ ಬಿಡಪ್ಪ," ಎಂದೆ.

ಫೋನಿನಲ್ಲಿ ಸ್ಕೂಟರು ಹೋದ ಸದ್ದು ಬಂತು, ಚಿಕ್ಕಪ್ಪ ಮೂಗು ಒರೆಸಿಕೊಂಡ ಸದ್ದು ಬಂತು. ಅಪ್ಪ ಕಣ್ಣು ಮುಚ್ಚಿಕೊಂಡು ಬಲಕ್ಕೆ ಸರಿದ. ನಾನು ಅವನು ಕಣ್ಣು ತೆರೆಯುವವರೆಗೂ ಕಾದು ಬಟನ್ ಒತ್ತಿದೆ.